ಗುವಾಹಟಿ ವಿಮಾನ ಹತ್ತಿಸಿದ ಸಿಬ್ಬಂದಿಗೆ, ಸೀತಮ್ಮನವರ ಮನೆಯವರಿಂದ

ಹಾಸನ
ಜನವರಿ 22

ಗೆ,
ನಿಲ್ದಾಣದ ವ್ಯವಸ್ಥಾಪಕರು,
ಬೆಂಗಳೂರು ಕಚೇರಿ

ವಿಷಯ: ಕೋಲ್ಕತ್ತಾದಲ್ಲಿ ನಮ್ಮ ಅತ್ತೆಯವರನ್ನು ಹುಡುಕಿ ಮುಂದಿನ ವಿಮಾನ ಹತ್ತಿಸಿದ ನಿಮ್ಮ ಸಿಬ್ಬಂದಿಗೆ ಧನ್ಯವಾದ

ಮಾನ್ಯರೇ,

ನನ್ನ ಸೋದರತ್ತೆ ಸೀತಮ್ಮನವರಿಗೆ ಈಗ ಎಪ್ಪತ್ತಾರು ವರ್ಷ. ಮೂಡಿಗೆರೆ ತಾಲ್ಲೂಕಿನವರು. ಸಂಕ್ರಾಂತಿಯ ಹಿಂದಿನ ದಿನ ನಿಮ್ಮ ವಿಮಾನದಲ್ಲಿ ಬೆಂಗಳೂರಿನಿಂದ ಕೋಲ್ಕತ್ತಾಕ್ಕೆ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಗುವಾಹಟಿಗೆ ಹೋದರು. ಅಲ್ಲಿ ಅವರ ಮಗಳಿದ್ದಾಳೆ, ಅಳಿಯ ಸೈನ್ಯದಲ್ಲಿದ್ದಾರೆ. ಎರಡೂ ಬೋರ್ಡಿಂಗ್ ಪಾಸ್‌ಗಳ ನಕಲು ಈ ಪತ್ರದ ಜೊತೆಗಿದೆ. ಆ ದಿನ ಕೋಲ್ಕತ್ತಾದಲ್ಲಿ ಪಾಳಿಯಲ್ಲಿದ್ದವರು ಯಾರೆಂದು ಅದನ್ನು ನೋಡಿದರೆ ನಿಮಗೆ ತಿಳಿಯುತ್ತದೆ. ಅತ್ತೆಗೆ ಅವರ ಹೆಸರು ಗೊತ್ತಿಲ್ಲ. "ಕೆನ್ನೆ ಮೇಲೆ ಗುಳಿ ಬೀಳ್ತದೆ, ಬೆಳ್ಳಗಿನ ಹುಡುಗಿ" ಎಂಬುದಷ್ಟೇ ಅವರು ಕೊಟ್ಟ ಗುರುತು.

ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಆವತ್ತು ನಿಮ್ಮ ಬೆಂಗಳೂರು ಕಚೇರಿಯಿಂದ ಫೋನಿನಲ್ಲಿ ಮಾತಾಡಿದ ಹುಬ್ಬಳ್ಳಿ ಕಡೆಯ ಹೆಣ್ಣುಮಗಳು ಇದನ್ನು ಮೊದಲು ಓದಬೇಕು. ಕೋಲ್ಕತ್ತಾದವರಿಗೆ ಅವರೇ ಓದಿ ಹೇಳಿದರೆ ಇನ್ನೂ ಸಂತೋಷ.

ನಮ್ಮ ಕಡೆಯವರಿಗೆ ವಿಮಾನವೆಂದರೆ ಒಂದು ರಾತ್ರಿಯ ನಿದ್ದೆ ಹೋದಂತೆಯೇ. ಹಾಸನದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಎಷ್ಟೋ ವರ್ಷದಿಂದ ನಡೆಯುತ್ತಲೇ ಇದೆ. ಅದು ಮುಗಿಯುವ ತನಕ ಬೆಂಗಳೂರೇ ಗತಿ. ಹಿಂದಿನ ದಿನವೇ ಅತ್ತೆಯನ್ನು ಹಾಸನಕ್ಕೆ ಕರೆತಂದು, ನಡುರಾತ್ರಿ ಕಾರು ಹತ್ತಿಸಿ, ಚನ್ನರಾಯಪಟ್ಟಣ, ನೆಲಮಂಗಲ ದಾಟಿ ದೇವನಹಳ್ಳಿ ಮುಟ್ಟಿದೆವು. ಅಲ್ಲಿ ನೋಡಿದರೆ ಮಂಜು. ಎದುರಿಗಿರುವ ಕಾರು ಕಾಣದಂಥ ಮಂಜು. ಬೆಳಗ್ಗೆ 7.20ಕ್ಕೆ ಏಳಬೇಕಿದ್ದ ವಿಮಾನ ಎದ್ದಾಗ 8.35 ಆಗಿತ್ತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಕೋಲ್ಕತ್ತಾದಲ್ಲಿ ಎರಡು ಗಂಟೆಗೂ ಮೇಲೆ ಸಿಗಬೇಕಿದ್ದ ಬಿಡುವು ಒಂದು ಗಂಟೆಗೆ ಇಳಿಯಿತು. ಅದರಲ್ಲೂ ಬಾಗಿಲು 25 ನಿಮಿಷ ಮುಂಚೆಯೇ ಮುಚ್ಚುತ್ತದೆ ಎಂದರೆ ಉಳಿದದ್ದು ಅರ್ಧ ಗಂಟೆಯ ಲೆಕ್ಕ.

ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಗಾಲಿಕುರ್ಚಿ ಬುಕ್ ಮಾಡುತ್ತೇನೆ ಎಂದಾಗ "ನನ್ನ ಕಾಲಿಗೇನ್ ಬಂದಿರೋದು? ತೋಟ ಸುತ್ತಲ್ವಾ ದಿನಾ?" ಎಂದು ಒಂದೇ ಏಟಿಗೆ ಬಾಯಿ ಮುಚ್ಚಿಸಿದ್ದರು. ತೋಟ ಸುತ್ತುವುದು ನಿಜ. ಈ ವಯಸ್ಸಿನಲ್ಲೂ ಕಾಫಿ ಕೊಯ್ಲಿನ ಹೊತ್ತಿಗೆ ಆಳುಗಳ ಹಿಂದೆ ಗುಡ್ಡ ಹತ್ತಿ ಇಳಿಯುತ್ತಾರೆ.

ಕೋಲ್ಕತ್ತಾದಲ್ಲಿ ವಿಮಾನದ ಬಾಗಿಲ ಹತ್ತಿರ ನಿಮ್ಮವರೊಬ್ಬರು ಗುವಾಹಟಿ ಎಂದು ಬರೆದ ಫಲಕ ಹಿಡಿದು ನಿಂತಿದ್ದರಂತೆ. ಅದು ಇಂಗ್ಲಿಷಿನಲ್ಲಿತ್ತು. ಅತ್ತೆ ಅವರಿಗೆ ನಮಸ್ಕಾರ ಮಾಡಿ, ಮುಂದೆ ಹೋಗುತ್ತಿದ್ದ ಗುಂಪಿನ ಹಿಂದೆ ನಡೆದರು. ಗುಂಪು ಹೋದದ್ದು ಲಗೇಜ್ ಬೆಲ್ಟಿಗೆ. ಇಳಿದ ಮೇಲೆ ತನ್ನ ಪೆಟ್ಟಿಗೆ ತಾನು ತೆಗೆದುಕೊಳ್ಳಬೇಕು ಎನ್ನುವುದು ಬಸ್ಸಿನ ಕಾಲದಿಂದಲೂ ಅವರ ನಿಯಮ, ಅದೂ ಒಳಗೆ ಮಿಡಿ ಉಪ್ಪಿನಕಾಯಿ ಜಾಡಿ ಇರುವ ಪೆಟ್ಟಿಗೆ. ಬೆಲ್ಟಿನ ಪಕ್ಕ ನಿಂತು ಕಾದರು.

ಅತ್ತ ಧ್ವನಿವರ್ಧಕದಲ್ಲಿ ಅವರನ್ನು ಕೂಗುತ್ತಲೇ ಇದ್ದರಂತೆ. ಆದರೆ ಟಿಕೆಟ್ಟಿನಲ್ಲಿ ಕೊನೆಯ ಹೆಸರು ಕೇಳುತ್ತಾರಲ್ಲ, ಅಲ್ಲಿ ನಮ್ಮ ಮಾವನ ಹೆಸರು ಹಾಕಿದ್ದು. ಹಾಗಾಗಿ ಕೂಗಿದ್ದು ತಿಮ್ಮೇಗೌಡ ಎಂದು. ಮಾವ ತೀರಿಕೊಂಡು ಬಹಳ ವರ್ಷವಾಯಿತು. "ಕೇಳಿಸ್ತು ಕಣಪ್ಪ, ಯಾರೋ ನಮ್ಮ ಯಜಮಾನ್ರ ಹೆಸರಿನವರು ಈ ಊರಲ್ಲೂ ಅವ್ರಲ್ಲ ಅಂದ್ಕೊಂಡೆ" ಎನ್ನುತ್ತಾರೆ ಅತ್ತೆ. ಇದನ್ನು ಹೇಳಿ ನಗುವವರೂ ಅವರೇ.

ಗುವಾಹಟಿಗೆ ಹೋಗುವವರ ಲೆಕ್ಕದಲ್ಲಿ ಒಬ್ಬರು ಕಡಿಮೆ ಎಂದು ತಿಳಿದ ಕೂಡಲೇ ಆ ಗುಳಿಕೆನ್ನೆಯ ಹುಡುಗಿ ಟಿಕೆಟ್ಟಿನಲ್ಲಿದ್ದ ನನ್ನ ನಂಬರಿಗೆ ಫೋನ್ ಮಾಡಿದರು. ನಾನು ಆಗ ವಾಪಸ್ ಬರುತ್ತಾ ಕುಣಿಗಲ್ ಹತ್ತಿರ ಚಹಾಕ್ಕೆ ನಿಂತಿದ್ದೆ. ಪ್ರಯಾಣಿಕರ ವಯಸ್ಸು, ಸೀರೆಯ ಬಣ್ಣ, ಯಾವ ಭಾಷೆ. ಮೂರೇ ಪ್ರಶ್ನೆ. ಹಸಿರು ಸೀರೆ, ಬಗಲಲ್ಲಿ ಬಟ್ಟೆಚೀಲ, ಕನ್ನಡ ಮಾತ್ರ ಎಂದೆ. "ಓಕೆ ಸರ್" ಎಂದು ಫೋನಿಟ್ಟರು. ಇದು ಯಾರ ತಪ್ಪು, ಏಕೆ ಒಬ್ಬರನ್ನೇ ಕಳಿಸಿದಿರಿ ಎಂಬ ಒಂದು ಮಾತೂ ಇಲ್ಲ. ಆ ಹೊತ್ತಿನಲ್ಲಿ ಅದೆಷ್ಟು ದೊಡ್ಡದು ಎಂದು ನನಗೆ ಗೊತ್ತು.

ಬೆಲ್ಟಿನ ಹತ್ತಿರ ಅತ್ತೆಯನ್ನು ಕಂಡ ಮೇಲೆ ಆ ಹುಡುಗಿ ಮಾಡಿದ್ದನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ, ಏಕೆಂದರೆ ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ. ಹೊತ್ತಿಲ್ಲದಿದ್ದರೂ ಕೈ ಹಿಡಿದು ಎಳೆಯಲಿಲ್ಲ. ಅತ್ತೆ ಪೆಟ್ಟಿಗೆ ಬಿಟ್ಟು ಕದಲುವುದಿಲ್ಲ ಎಂದು ಮುಖ ನೋಡಿಯೇ ಗೊತ್ತಾಯಿತೋ ಏನೋ, ಅತ್ತೆಯ ಕೈಯಲ್ಲಿದ್ದ ಬೋರ್ಡಿಂಗ್ ಪಾಸನ್ನು ತಿರುಗಿಸಿ, ಹಿಂದೆ ಅಂಟಿಸಿದ್ದ ಲಗೇಜ್ ಚೀಟಿಯ ಮೇಲೆ ಗುವಾಹಟಿಯ ಗುರುತಾದ GAU ಎಂಬ ಮೂರು ಅಕ್ಷರದ ಕೆಳಗೆ ಉಗುರಿನಿಂದ ಗೆರೆ ಎಳೆದು ತೋರಿಸಿದರು. ಆಮೇಲೆ ಬೆಲ್ಟಿನಲ್ಲಿ ಬರುತ್ತಿದ್ದ ಒಂದು ಸೂಟ್‌ಕೇಸಿನ ಚೀಟಿ ಹಿಡಿದು ಕೋಲ್ಕತ್ತಾದ ಗುರುತು CCU ತೋರಿಸಿದರು. ಇನ್ನೊಂದು ಬಂತು, ಅದರಲ್ಲೂ CCU. ಮೂರನೆಯದನ್ನು ಅತ್ತೆಯೇ ಹಿಡಿದು ನೋಡಿದರಂತೆ. ಇಂಗ್ಲಿಷ್ ಓದಲು ಬರದಿದ್ದರೂ ಕಾಫಿ ಮೂಟೆಗಳ ಮೇಲೆ ಬಣ್ಣದಲ್ಲಿ ಹಾಕುವ ಗುರುತು ನೋಡಿ ನಮ್ಮದು ಯಾವುದು, ಪಕ್ಕದ ತೋಟದ್ದು ಯಾವುದು ಎಂದು ಆಯುತ್ತಲೇ ಬಂದ ಕಣ್ಣು ಅದು. "ನನ್ನ ಗುರುತೇ ಬೇರೆ, ಇಲ್ಲಿ ಬರೋದು ಇವರ ಮೂಟೆ" ಎಂದು ಅತ್ತೆಗೆ ಅರ್ಥವಾಯಿತು. ಪೆಟ್ಟಿಗೆ ಆಗಲೇ ಮುಂದಿನ ವಿಮಾನದ ಕಡೆ ಹೋಗಿತ್ತು. ಭಾಷೆಯೇ ಇಲ್ಲದೆ ಇದನ್ನು ಅರ್ಥಮಾಡಿಸಿದ ಆ ಹುಡುಗಿ ನಮ್ಮ ಊರಿನ ಶಾಲೆಯಲ್ಲಿ ಮೇಷ್ಟ್ರಾಗಬೇಕಿತ್ತು ಎನಿಸಿತು ನನಗೆ.

ಅಷ್ಟರಲ್ಲಿ ಗಾಲಿಕುರ್ಚಿ ತಂದ ಹುಡುಗನೂ ಓಡಿ ಬಂದಿದ್ದ. ಕುರ್ಚಿ ನೋಡಿ ಅತ್ತೆ ಮತ್ತೆ ಬಿಗಿಯಾದರು. ಆಗಲೇ ನಿಮ್ಮ ಕೋಲ್ಕತ್ತಾದವರು ಬೆಂಗಳೂರಿಗೆ ಫೋನ್ ಹಚ್ಚಿ ಅತ್ತೆಯ ಕಿವಿಗೆ ಹಿಡಿದದ್ದು. "ಅಜ್ಜಿ, ಏನೂ ಅಂಜಬ್ಯಾಡ್ರಿ" ಎಂದು ಶುರುವಾಯಿತಂತೆ ಮಾತು. ಎರಡನೇ ಮಾತಿಗೆ ಚೀಲದಲ್ಲಿ ಏನಿದೆ ಎಂದು ವಿಚಾರಿಸಿಕೊಂಡರು. ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಮೊಮ್ಮಕ್ಕಳಿಗೆ. ಅಚ್ಚು ಮುರಿದೀತು ಎಂದು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಯಲ್ಲೇ ಹಿಡಿದದ್ದು. ಆ ಹೆಣ್ಣುಮಗಳಿಗೆ ಇಷ್ಟು ಸಾಕಾಯಿತು. "ಹಂಗಾರ ಓಡಬ್ಯಾಡ್ರಿ, ಅಚ್ಚು ಮುರೀತಾವ. ಚೀಲ ತೊಡಿ ಮ್ಯಾಲ ಇಟ್ಕೊಂಡು ಕುಂದರ್ರಿ, ಅಂವ ಮೆಲ್ಲಕ ತಳ್ಳತಾನ." ಅತ್ತೆ ಕೂತರು. ಕಾಲಿನ ಮಾತೇ ಬರಲಿಲ್ಲ. ಮನೆಯವರು ನಾಲ್ಕು ದಿನ ಹೇಳಿದರೂ ಆಗದ ಕೆಲಸ ಅದು.

ಅವನು ಮೆಲ್ಲಗೆ ತಳ್ಳಲಿಲ್ಲ ಬಿಡಿ. ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಮ್ಮ ಹುಡುಗಿ ಮುಂದಿದ್ದವರನ್ನೆಲ್ಲ ಕೇಳಿಕೊಂಡು ದಾರಿ ಬಿಡಿಸಿದರು. ಸಾಲಿನಲ್ಲಿದ್ದವರು ಗೊಣಗದೆ ಪಕ್ಕಕ್ಕೆ ಸರಿದರು, ಅವರಿಗೂ ಒಂದು ನಮಸ್ಕಾರ. ವಾಕಿಟಾಕಿಯಲ್ಲಿ ಗೇಟಿನವರಿಗೆ ಮಾತು ಹೋಗುತ್ತಲೇ ಇತ್ತಂತೆ. ಗೇಟು ಮುಟ್ಟಿದಾಗ ಕೊನೆಯವರು ಅತ್ತೆಯೇ. ವಿಮಾನದೊಳಗೆ ಗಗನಸಖಿ ಚೀಲವನ್ನು ಮೇಲಿನ ಗೂಡಿಗೆ ತುರುಕದೆ, ಹಾರುವ ಮುಂಚೆ ಮುಂದಿನ ಸೀಟಿನ ಕೆಳಗೆ ನೆಟ್ಟಗೆ ಇಟ್ಟುಕೊಟ್ಟರು. ಚೀಲದ ವಿಷಯ ಅವರ ತನಕ ಹೇಗೆ ಮುಟ್ಟಿತೋ ನನಗೆ ತಿಳಿಯದು.

ಅತ್ತೆ ವಿಮಾನದಲ್ಲಿ ಕೂತರು ಎಂದು ನನಗೂ, ಗುವಾಹಟಿಯಲ್ಲಿ ಕಾಯುತ್ತಿದ್ದ ಅತ್ತೆ ಮಗಳಿಗೂ ಅದೇ ಹುಬ್ಬಳ್ಳಿಯ ದನಿ ಫೋನ್ ಮಾಡಿ ಹೇಳಿತು. ಕೆಲಸ ಮುಗಿದ ಮೇಲೂ ಮನೆಯವರನ್ನು ನೆನೆದು ಹೀಗೆ ಫೋನ್ ಮಾಡುವುದು ಯಾವ ನಿಯಮದಲ್ಲಿ ಇರುತ್ತದೆಯೋ ಕಾಣೆ. ಕುಣಿಗಲ್ಲಿನಲ್ಲಿ ತಣ್ಣಗಾದ ಚಹಾ ಬಿಟ್ಟು ನಾನು ಇನ್ನೊಂದು ತರಿಸಿಕೊಂಡೆ.

ಪೆಟ್ಟಿಗೆಯೂ ಅದೇ ವಿಮಾನದಲ್ಲಿ ಬಂತು. ಅಷ್ಟು ಕಡಿಮೆ ಹೊತ್ತಿನಲ್ಲಿ ಒಂದು ವಿಮಾನದ ಹೊಟ್ಟೆಯಿಂದ ಇನ್ನೊಂದಕ್ಕೆ ಅದನ್ನು ಸಾಗಿಸಿದ ಲೋಡರ್‌ಗಳನ್ನು ನಾವ್ಯಾರೂ ಕಂಡಿಲ್ಲ. ಜಾಡಿ ಒಡೆದಿಲ್ಲ, ಎಣ್ಣೆ ಸೋರಿಲ್ಲ ಎಂದು ಅವರಿಗೆ ತಿಳಿಸಿಬಿಡಿ. ಅಸ್ಸಾಮಿನಲ್ಲಿ ಅದೇ ಹೊತ್ತಿಗೆ ಮಾಘ ಬಿಹು. ಅಕ್ಕಪಕ್ಕದ ಮನೆಯವರು ಅಕ್ಕಿಹಿಟ್ಟಿನೊಳಗೆ ಎಳ್ಳು ಬೆಲ್ಲ ಸುತ್ತಿ ಮಾಡಿದ ಪಿಠಾ ಕೊಟ್ಟರಂತೆ, ಅತ್ತೆ ನಮ್ಮ ಎಳ್ಳು ಬೀರಿದರು. ಅಚ್ಚಿನಲ್ಲಿ ಒಂದು ಆನೆಗೆ ಮಾತ್ರ ಸೊಂಡಿಲು ಹೋಗಿತ್ತು, ಅದು ಬೆಂಗಳೂರು ದಾರಿಯಲ್ಲಿ ನನ್ನ ಕಾರಿನಲ್ಲೇ ಮುರಿದದ್ದು ಎಂದು ಅತ್ತೆಯ ವಾದ.

ಇಷ್ಟೆಲ್ಲ ಆದಮೇಲೂ ತಾನು ದಾರಿ ತಪ್ಪಿದ್ದೆ ಎಂದು ಅತ್ತೆ ಒಪ್ಪುವುದಿಲ್ಲ. "ಪೆಟ್ಟಿಗೆ ಕಾಯ್ತಾ ನಿಂತಿದ್ದೆ, ಆ ಮಗು ಬಂದು ಪೆಟ್ಟಿಗೆ ಮುಂದಕ್ಕೆ ಹೋಗಿದೆ ಅಂತ ಹೇಳ್ತು, ಹೋದೆ" ಎನ್ನುತ್ತಾರೆ. ಅಷ್ಟು ಜನ ಅವರಿಗಾಗಿ ಓಡಾಡಿದ್ದು ಅವರಿಗೆ ತಿಳಿದೇ ಇಲ್ಲ. ಎಪ್ಪತ್ತಾರರ ಹೆಂಗಸು ಗೊತ್ತಿಲ್ಲದ ಊರಿನಲ್ಲಿ ಗಾಬರಿಯಾಗಿ, ನಾಲ್ಕು ಜನರೆದುರು ಸಣ್ಣವಳಾಗಿ ಕೂರುವಂತಾಗಿದ್ದರೆ ಮತ್ತೆ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ವಿಮಾನ ತಪ್ಪಿದ್ದರೆ ಇನ್ನೊಂದು ಸಿಗುತ್ತಿತ್ತು. ನಿಮ್ಮವರು ಉಳಿಸಿಕೊಟ್ಟದ್ದು ಅತ್ತೆಯ ಧೈರ್ಯವನ್ನು.

ನನ್ನ ಕೋರಿಕೆ ಇಷ್ಟು. ಕೋಲ್ಕತ್ತಾದ ಆ ಹುಡುಗಿ, ಬೆಂಗಳೂರಿನ ಹೆಣ್ಣುಮಗಳು, ಗೇಟಿನಲ್ಲಿದ್ದವರು, ಗಗನಸಖಿ, ಇವರ ಸೇವಾ ದಾಖಲೆಯಲ್ಲಿ ಈ ಪತ್ರ ಸೇರಬೇಕು. ಗಾಲಿಕುರ್ಚಿ ತಳ್ಳಿದ ಹುಡುಗ ಗುತ್ತಿಗೆಯವನಿದ್ದರೂ ಇರಬಹುದು. ನಿಮ್ಮ ಪಟ್ಟಿಯಲ್ಲಿ ಅವನ ಹೆಸರಿಲ್ಲದಿದ್ದರೆ ಗುತ್ತಿಗೆದಾರರಿಗೆ ಒಂದು ಪ್ರತಿ ಕಳಿಸಿ. ಅತ್ತೆ ಅವನಿಗೆ ಒಂದು ಪೊಟ್ಟಣ ಎಳ್ಳು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲವಂತೆ. ನಿಯಮವಿರಬಹುದು. ಅತ್ತೆಗೆ ಅದೊಂದು ಬೇಜಾರು ಉಳಿದಿದೆ.

ಫೆಬ್ರವರಿ ಕೊನೆಗೆ ಅವರು ಇದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಈ ಸಲ ಗಾಲಿಕುರ್ಚಿ ಬುಕ್ ಮಾಡಿದ್ದೇನೆ, ಅವರಿಗೆ ಹೇಳಿಲ್ಲ. ದಯವಿಟ್ಟು ಮೊದಲು ಚೀಲ ಭಾರವಾಗಿದೆಯಾ ಎಂದು ಕೇಳಲು ನಿಮ್ಮವರಿಗೆ ತಿಳಿಸಿ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಮಂಜುನಾಥ
(ಸೀತಮ್ಮನವರ ಅಣ್ಣನ ಮಗ)