ಓಡುವಾಗ ಎದೆ ಯಾಕೆ ಡವಡವ ಅನ್ನುತ್ತದೆ?

ಎಲ್ಲರಿಗೂ ನಮಸ್ಕಾರ. ಮುಖ್ಯ ಗುರುಗಳೇ, ಸಹ ಶಿಕ್ಷಕರೇ, ಮಕ್ಕಳೇ. ವಿಶ್ರಾಮ್‌ನಲ್ಲಿ ನಿಲ್ಲಿ. ಹಿಂದಿನ ಸಾಲಿನವರು ಸ್ವಲ್ಪ ಬೇವಿನ ಮರದ ನೆರಳಿಗೆ ಸರಿಯಿರಿ, ಇವತ್ತು ಬೆಳಗ್ಗೆಯೇ ಬಿಸಿಲು ಜೋರಾಗಿದೆ.

ಮುಂದಿನ ವಾರ ವಲಯ ಮಟ್ಟದ ಕ್ರೀಡಾಕೂಟ. ಓಟಕ್ಕೆ ಹೆಸರು ಕೊಟ್ಟವರಲ್ಲಿ ಕೆಲವರು ನಿನ್ನೆ ಸಂಜೆ ಬಂದು ಹೆಸರು ತೆಗೆಯಿರಿ ಅಂದರು. ಯಾಕೆ ಅಂತ ಕೇಳಿದೆ. ಒಬ್ಬ ಹುಡುಗ, "ಸರ್, ಗೆರೆ ಮ್ಯಾಲೆ ನಿಂತ್ರ ಸಾಕು, ಎದಿ ಡವಡವ ಅಂತದ್ರಿ. ಅಂಜಿಕಿ ಬರ್ತದ್ರಿ" ಅಂದ. ಒಬ್ಬ ಹುಡುಗಿಗೆ ಮನೆಯಲ್ಲಿ ಅಜ್ಜಿ ಹೇಳಿದ್ದಾರಂತೆ, ಹೆಣ್ಣುಮಕ್ಕಳು ಅಷ್ಟು ಓಡಿದರೆ ಎದೆ ಒಡೆದೀತು ಅಂತ. ಅಜ್ಜಿಗೆ ನಿಮ್ಮ ಮೇಲೆ ಪ್ರೀತಿ, ಅದಕ್ಕೇ ಹಾಗೆ ಹೇಳಿದ್ದಾರೆ. ಆದರೆ ಎದೆ ಬಡಿದುಕೊಳ್ಳುವುದು ಯಾಕೆ ಅಂತ ಗೊತ್ತಾದರೆ ನೀವೂ ಹೆದರುವುದಿಲ್ಲ, ಅಜ್ಜಿಗೂ ಮನೆಗೆ ಹೋಗಿ ಹೇಳಬಹುದು. ಅದಕ್ಕೇ ಇವತ್ತು ಮುಖ್ಯ ಗುರುಗಳ ಹತ್ತಿರ ಹತ್ತು ನಿಮಿಷ ಕೇಳಿಕೊಂಡೆ.

ಮೊದಲು ಒಂದು ಕೆಲಸ ಮಾಡೋಣ. ಎಡಗೈ ಮುಂದೆ ಚಾಚಿ, ಅಂಗೈ ಮೇಲೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಬಲಗೈಯ ಎರಡು ಬೆರಳು ಮೆತ್ತಗೆ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದಕ್ಕೆ ತನ್ನದೇ ನಾಡಿ ಇದೆ, ಲೆಕ್ಕ ತಪ್ಪುತ್ತದೆ. ಸಿಕ್ಕಿತಾ? ನಾನು ಸೀಟಿ ಊದಿದ ಮೇಲೆ 15 ಸೆಕೆಂಡ್ ಎಣಿಸಿ.

ಹಾಂ, ಸಾಕು. ಎಷ್ಟು ಬಂತು? 20, 22, 21. ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 80ರಿಂದ 88. ನಿಮ್ಮ ವಯಸ್ಸಿಗೆ ಸರಿಯಾಗಿಯೇ ಇದೆ.

ಈಗ ಎಲ್ಲರೂ ನಿಂತಲ್ಲೇ ಓಡಿ. ಮೊಣಕಾಲು ಮೇಲೆ ಬರಬೇಕು. ಒಂದು ನಿಮಿಷ. ಒಂಬತ್ತನೇ ತರಗತಿ, ಮೊಣಕಾಲು ಇನ್ನೂ ಮೇಲೆ! ನಿಲ್ಲಿ. ತಕ್ಷಣ ನಾಡಿ ಹಿಡಿಯಿರಿ. ಎಷ್ಟು? 32, 34, ಅಲ್ಲೊಬ್ಬರಿಗೆ 36. ಅಂದರೆ ನಿಮಿಷಕ್ಕೆ 128, 136, 144. ಒಂದೇ ನಿಮಿಷದಲ್ಲಿ ಎಷ್ಟು ಏರಿತು ನೋಡಿ. ಗೆರೆಯಿಂದ ಗೆರೆಗೆ ಜೀವ ಬಿಟ್ಟು ಓಡಿದರೆ ನಿಮ್ಮ ವಯಸ್ಸಿನವರಿಗೆ ಇದು 200ರ ಹತ್ತಿರ ಹೋಗುತ್ತದೆ. ಅದು ರೋಗ ಅಲ್ಲ. ನಿಮ್ಮ ಹೃದಯಕ್ಕೆ ಅಷ್ಟು ಬಡಿಯುವ ಶಕ್ತಿ ಇದೆ ಅಂತ ಅರ್ಥ.

ಯಾಕೆ ಬಡಿಯಬೇಕು? ಕಾಲಿನ ಸ್ನಾಯುಗಳಿಗೆ ಆಮ್ಲಜನಕ ಬೇಕು, ಸಕ್ಕರೆ ಬೇಕು. ಎರಡನ್ನೂ ಹೊತ್ತು ತರುವುದು ರಕ್ತ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಸುಮ್ನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರಗೆ ದೂಡುತ್ತದೆ. ಜೋರಾಗಿ ಓಡುವಾಗ ಅದೇ ಹೃದಯ ನಿಮಿಷಕ್ಕೆ 20 ಲೀಟರ್ ದೂಡುತ್ತದೆ. ಎರಡು ಕೊಡಪಾನ ತುಂಬ ಅನ್ನಿ. ಇಷ್ಟೆಲ್ಲ ಮಾಡುವ ಹೃದಯ ನಿಮ್ಮ ಮುಷ್ಟಿಯಷ್ಟೇ ಇರುವುದು.

ರಕ್ತ ಹೋಗುವ ದಾರಿಯೂ ಬದಲಾಗುತ್ತದೆ. ಆರಾಮಾಗಿ ಕೂತಾಗ ಸ್ನಾಯುಗಳಿಗೆ ಹೋಗುವುದು ಐದರಲ್ಲಿ ಒಂದು ಪಾಲು ಮಾತ್ರ. ಓಡುವಾಗ ಐದರಲ್ಲಿ ನಾಲ್ಕು ಪಾಲು ಅಲ್ಲಿಗೇ. ಹೊಟ್ಟೆ, ಕರುಳಿನ ರಕ್ತನಾಳಗಳು ಬಿಗಿಯಾಗುತ್ತವೆ, ಕಾಲಿನವು ಅಗಲವಾಗುತ್ತವೆ. ಓಟಕ್ಕೆ ಮುಂಚೆ ಮಂಡಕ್ಕಿ ಮಿರ್ಚಿ ತಿಂದು ಬರಬೇಡಿ ಅಂತ ನಾನು ಬೈಯುವುದು ಇದಕ್ಕೇ. ಹೊಟ್ಟೆಯಲ್ಲಿ ಎಣ್ಣೆಯ ತಿಂಡಿ ಕೂತಿರುತ್ತದೆ, ಅದನ್ನು ಅರಗಿಸಲು ಅಲ್ಲಿ ರಕ್ತವೇ ಸಾಲುವುದಿಲ್ಲ. ವಾಂತಿ ಬಂದ ಹಾಗೆ ಆಗುತ್ತದೆ. ರೊಟ್ಟಿ ಪಲ್ಯ ತಿನ್ನುವುದಿದ್ದರೆ ಎರಡು ಮೂರು ಗಂಟೆ ಮುಂಚೆ ತಿನ್ನಿ. ಹತ್ತಿರದಲ್ಲಿ ಬೇಕು ಅನಿಸಿದರೆ ಒಂದು ಬಾಳೆಹಣ್ಣು ಸಾಕು.

ಸರಿ, ಓಡುವಾಗ ಬಡಿಯುವುದು ತಿಳಿಯಿತು. ಆದರೆ ನಿನ್ನೆ ಆ ಹುಡುಗ ಕೇಳಿದ್ದು ಬೇರೆ. ಓಟ ಇನ್ನೂ ಶುರುವೇ ಆಗಿಲ್ಲ, ಗೆರೆ ಮೇಲೆ ಸುಮ್ನೆ ನಿಂತಿದ್ದೇನೆ, ಆಗಲೇ ಯಾಕೆ ಬಡಿಯುತ್ತದೆ? ಬಹಳ ಒಳ್ಳೆಯ ಪ್ರಶ್ನೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗವೂ ಇದೇ.

ನಮ್ಮ ಮೂತ್ರಪಿಂಡಗಳ ತಲೆಯ ಮೇಲೆ ಎರಡು ಸಣ್ಣ ಗ್ರಂಥಿಗಳಿವೆ. ಓಟ ಬರುತ್ತಿದೆ ಅಂತ ಮೆದುಳಿಗೆ ಗೊತ್ತಾದ ಕೂಡಲೇ ಅವು ಅಡ್ರಿನಲಿನ್ ಅನ್ನುವ ರಸವನ್ನು ರಕ್ತಕ್ಕೆ ಬಿಡುತ್ತವೆ. ಇನ್ನೊಂದು ಕಡೆ, ಮೆದುಳಿನಿಂದ ಎದೆಗೆ ಇಳಿಯುವ ವೇಗಸ್ ಅನ್ನುವ ನರ ಇದೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವೇಗಸ್ ನರ ಅದನ್ನು ತಡೆದು ನಿಧಾನ ಮಾಡಿರುತ್ತದೆ. ಗೆರೆ ಮೇಲೆ ನಿಂತಾಗ ಆ ತಡೆ ಸಡಿಲವಾಗುತ್ತದೆ, ಅಡ್ರಿನಲಿನ್ ಬಂದು ಇನ್ನಷ್ಟು ಜೋರು ಮಾಡುತ್ತದೆ. ಬಡಿತ ಜಾಸ್ತಿ ಆಗುವುದಷ್ಟೇ ಅಲ್ಲ, ಒಂದೊಂದು ಬಡಿತವೂ ಗಟ್ಟಿಯಾಗುತ್ತದೆ. ಅದಕ್ಕೇ ಎದೆಯೊಳಗೆ ಯಾರೋ ಗುದ್ದಿದ ಹಾಗೆ ಅನಿಸುವುದು. ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಒಂದಕ್ಕೆ ಹೋಗಬೇಕು ಅನಿಸುತ್ತದೆ. ನಗಬೇಡಿ, ದೊಡ್ಡ ದೊಡ್ಡ ಓಟಗಾರರಿಗೂ ಹಾಗೇ ಆಗುತ್ತದೆ.

ಅಂಜಿದಾಗಲೂ ಇದೇ ರಸ ಬರುತ್ತದೆ, ಅದಕ್ಕೇ ನಿಮಗೆ ಅಂಜಿಕೆ ಅನಿಸಿದ್ದು. ಆದರೆ ಮೈ ಆಗಲೇ ಓಟಕ್ಕೆ ತಯಾರಿ ಶುರು ಮಾಡಿದೆ, ನೀವು ಇನ್ನೂ ಒಂದು ಹೆಜ್ಜೆ ಇಡುವ ಮುಂಚೆಯೇ! ಅಂಥ ಮೈ ಇಟ್ಟುಕೊಂಡು ಹೆಸರು ತೆಗೆಸುವುದಾ? ಆಗ ಮೂಗಿನಿಂದ ನಿಧಾನವಾಗಿ ಉಸಿರು ಎಳೆದು, ಬಾಯಿಂದ ಇನ್ನೂ ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ವೇಗಸ್ ನರ ಹೃದಯವನ್ನು ಸ್ವಲ್ಪ ನಿಧಾನ ಮಾಡುತ್ತದೆ. ನಾಲ್ಕೈದು ಸಲ ಮಾಡಿದರೆ ಮನಸ್ಸೂ ಒಂದು ಹದಕ್ಕೆ ಬರುತ್ತದೆ.

ಇನ್ನು ಮೈ ಬಿಸಿಯಾಗುವುದು. ಈಗ ಓಡಿದಿರಲ್ಲ, ತೊಡೆ ಮುಟ್ಟಿ ನೋಡಿ.

ಶಕ್ತಿನಗರದ ಚಿಮಣಿಗಳನ್ನು ಎಲ್ಲರೂ ನೋಡಿದ್ದೀರಿ. ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು, ಕಾಕಾಗಳು ಅಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಕಲ್ಲಿದ್ದಲು ಸುಡುತ್ತಾರೆ. ಅದರಲ್ಲಿರುವ ಶಕ್ತಿಯಲ್ಲಿ ಕರೆಂಟಾಗಿ ಹೊರಗೆ ಬರುವುದು ಸುಮಾರು ಮೂರರಲ್ಲಿ ಒಂದು ಭಾಗ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸ್ನಾಯುವಿನ ಕಥೆಯೂ ಹಾಗೇ. ರೊಟ್ಟಿ, ಅನ್ನದಿಂದ ಬಂದ ಶಕ್ತಿಯಲ್ಲಿ ನಾಲ್ಕರಲ್ಲಿ ಒಂದು ಪಾಲು, ಹೆಚ್ಚೆಂದರೆ ಅಷ್ಟೇ, ನಿಮ್ಮನ್ನು ಮುಂದಕ್ಕೆ ಓಡಿಸುತ್ತದೆ. ಮಿಕ್ಕ ಮೂರು ಪಾಲು ಬಿಸಿ. ಸುಮ್ನೆ ಕೂತಾಗ ತೊಡೆಯ ಸ್ನಾಯು ಸುಮಾರು 35 ಡಿಗ್ರಿ ಇರುತ್ತದೆ. ಜೋರಾಗಿ ಓಡಿದರೆ 38, 39ಕ್ಕೆ ಏರುತ್ತದೆ.

ಸ್ನಾಯುವಿನ ಈ ಬಿಸಿಯನ್ನು ಅಳೆದವರು ಇಂಗ್ಲೆಂಡಿನ ಆರ್ಚಿಬಾಲ್ಡ್ ಹಿಲ್. ಕಪ್ಪೆಯ ಸ್ನಾಯು ಒಂದು ಸಲ ಸೆಳೆದರೆ ಎಷ್ಟು ಬಿಸಿ ಹುಟ್ಟುತ್ತದೆ ಅಂತ ಅಳೆದರು. ಅದು ಡಿಗ್ರಿಯ ಸಾವಿರ ಭಾಗಗಳಲ್ಲಿ ಕೆಲವು ಭಾಗ ಅಷ್ಟೇ, ಯೋಚನೆ ಮಾಡಿ! ಸ್ನಾಯು ಸಡಿಲವಾದ ಮೇಲೂ ಬಿಸಿ ಬರುತ್ತಲೇ ಇರುತ್ತದೆ ಅಂತಲೂ ಕಂಡುಕೊಂಡರು. 1922ರ ನೊಬೆಲ್ ಬಹುಮಾನ ಅವರಿಗೆ ಬಂತು. ಅವರು ಸ್ವತಃ ಓಟಗಾರರು. ವಿಜ್ಞಾನ ಮೇಡಂ ಹತ್ತಿರ ಕೇಳಿ, ಇನ್ನೂ ಜಾಸ್ತಿ ಹೇಳುತ್ತಾರೆ.

ಈ ಬಿಸಿ ದಂಡವಾಗಿ ಹೋಗುವುದಿಲ್ಲ. ಬಿಸಿಯಾದ ಸ್ನಾಯು ಬೇಗ ಸೆಳೆಯುತ್ತದೆ, ಬೇಗ ಸಡಿಲವಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಬಿಸಿ ಇದ್ದಲ್ಲಿ ಅದನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಅಂದರೆ ಯಾವ ಸ್ನಾಯು ಜಾಸ್ತಿ ಕೆಲಸ ಮಾಡುತ್ತಿದೆಯೋ ಅದಕ್ಕೇ ಜಾಸ್ತಿ ಆಮ್ಲಜನಕ. ಅದಕ್ಕೇ ವಾರ್ಮ್‌ಅಪ್. ಹತ್ತು ನಿಮಿಷ ನಿಧಾನ ಓಟ, ಕಾಲು ಬೀಸುವುದು, ಆಮೇಲೆ ಎರಡು ಮೂರು ಸಣ್ಣ ಜೋರು ಓಟ. "ಸರ್, ರಾಯಚೂರು ಬಿಸಿಲಲ್ಲಿ ಮೈ ಆಗಲೇ ಬಿಸಿ ಆಗಿರುತ್ತದೆ, ವಾರ್ಮ್‌ಅಪ್ ಯಾಕೆ" ಅಂತ ಕೇಳುವವರು ಇದ್ದಾರೆ. ಬಿಸಿಲು ಸುಡುವುದು ಚರ್ಮವನ್ನು. ತೊಡೆಯ ಹಿಂಭಾಗದ ಸ್ನಾಯು ಹದಕ್ಕೆ ಬರಬೇಕಾದರೆ ಅದು ಕೆಲಸ ಮಾಡಲೇಬೇಕು. ತಣ್ಣಗಿನ ಸ್ನಾಯುವನ್ನು ಒಮ್ಮೆಲೇ ಎಳೆದರೆ ಹಿಡಿದುಕೊಳ್ಳುತ್ತದೆ, ಆಮೇಲೆ ಎರಡು ಮೂರು ವಾರ ಕುಂಟಬೇಕು.

ಆದರೆ ಬಿಸಿಲಿನ ವಿಷಯ ಗಂಭೀರವಾಗಿ ಕೇಳಿ. ಒಳಗಿನ ಬಿಸಿಯನ್ನು ರಕ್ತ ಚರ್ಮಕ್ಕೆ ತರುತ್ತದೆ, ಅದಕ್ಕೇ ಓಡಿದವರ ಮುಖ ಕೆಂಪಾಗುವುದು. ಅಲ್ಲಿ ಬೆವರು ಆರಿದಾಗ ಮೈ ತಣ್ಣಗಾಗುತ್ತದೆ. ಬೆವರು ಸುರಿದರೆ ಸಾಲದು, ಆರಬೇಕು. ಮಳೆ ಬಂದು ಹೋದ ಮೇಲೆ ಧಗೆ ಇರುತ್ತದಲ್ಲ, ಆಗ ಬೆವರು ಆರುವುದೇ ಇಲ್ಲ, ಮೈಯ ಬಿಸಿ ಒಳಗೇ ಉಳಿಯುತ್ತದೆ. ಅಂಥ ದಿನ ಮಧ್ಯಾಹ್ನ ನಾನು ಅಭ್ಯಾಸ ಮಾಡಿಸುವುದಿಲ್ಲ, ಎಷ್ಟೇ ಕೇಳಿದರೂ. ಬಾಟಲಿಯಲ್ಲಿ ನೀರು ತನ್ನಿ, ಮನೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ತಲೆ ಸಿಡಿಯುವುದು, ಮಾತು ತೊದಲುವುದು, ಬಿಸಿಲಲ್ಲಿ ಚಳಿ ಹಿಡಿಯುವುದು, ಇವುಗಳಲ್ಲಿ ಯಾವುದು ಆದರೂ ಓಟ ಅಲ್ಲಿಗೇ ನಿಲ್ಲಿಸಿ ನನ್ನನ್ನು ಕೂಗಿ. ಗೆಳೆಯನಿಗೆ ಆದರೆ ನೀವು ಕೂಗಿ.

ಹಾಗೇ ಎದೆ ಬಡಿತ ಬೇರೆ, ಎದೆ ನೋವು ಬೇರೆ. ಓಡುವಾಗ ಎದೆ ನೋವು ಬಂದಿದ್ದರೆ, ತಲೆ ಸುತ್ತಿ ಬಿದ್ದಿದ್ದರೆ, ಚಿಕ್ಕಂದಿನಲ್ಲಿ ಹೃದಯದ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ್ದರೆ ನನಗೆ ಒಬ್ಬರೇ ಬಂದು ಹೇಳಿ. ಮುಚ್ಚಿಡಬೇಡಿ. ಡಾಕ್ಟರಿಗೆ ತೋರಿಸಿ ಆಮೇಲೆ ನೋಡೋಣ. ಹೆಸರು ಹೋಗುತ್ತದೆ ಅನ್ನುವ ಭಯ ಬೇಡ, ಸ್ಕೋರ್ ಬರೆಯುವುದು, ಸಮಯ ಹಿಡಿಯುವುದು, ತಂಡದಲ್ಲಿ ಬೇಕಾದಷ್ಟು ಕೆಲಸ ಇದೆ.

ಕೊನೆಯ ಗೆರೆ ದಾಟಿದ ಮೇಲೆ ಏನು ಮಾಡುತ್ತೀರಿ? ಧೊಪ್ಪಂತ ಕೂತುಬಿಡುತ್ತೀರಿ, ಅಲ್ವಾ? ಅದು ಬೇಡ. ಓಡುವಾಗ ಕಾಲಿನ ಸ್ನಾಯುಗಳು ಒಂದೊಂದು ಹೆಜ್ಜೆಗೂ ರಕ್ತವನ್ನು ಹಿಂಡಿ ಮೇಲಕ್ಕೆ, ಹೃದಯದ ಕಡೆಗೆ ಕಳಿಸುತ್ತಿರುತ್ತವೆ. ಒಮ್ಮೆಲೇ ನಿಂತರೆ ಹಿಂಡುವವರು ಇಲ್ಲ, ರಕ್ತ ಕಾಲಲ್ಲೇ ನಿಲ್ಲುತ್ತದೆ, ಮೆದುಳಿಗೆ ಕಡಿಮೆಯಾಗುತ್ತದೆ. 400 ಮೀಟರ್ ಮುಗಿಸಿ ನಿಂತ ಹುಡುಗಿಯರಿಗೆ ಕಣ್ಣು ಕತ್ತಲೆ ಬರುವುದನ್ನು ನೀವೇ ನೋಡಿದ್ದೀರಿ. ಐದು ನಿಮಿಷ ನಡೆಯಿರಿ. ಏದುಸಿರು ಬರಲಿ ಬಿಡಿ. 100 ಮೀಟರ್ ಓಟಕ್ಕೆ ಹೆಚ್ಚಿನ ಶಕ್ತಿಯನ್ನು ಸ್ನಾಯು ತನ್ನಲ್ಲಿ ಮೊದಲೇ ಕೂಡಿಟ್ಟದ್ದರಿಂದ ತೆಗೆದಿರುತ್ತದೆ, ಆಮ್ಲಜನಕಕ್ಕೆ ಕಾಯುವುದಿಲ್ಲ. ಆ ಸಾಲ ಓಟ ಮುಗಿದ ಮೇಲೆ ತೀರಿಸಬೇಕು. ಓಟ ಮುಗಿದರೂ ನೀವು ಏದುವುದು ಅದಕ್ಕೇ.

ದಿನಾ ಅಭ್ಯಾಸ ಮಾಡಿದವರ ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ದೂಡಲು ಕಲಿಯುತ್ತದೆ. ಹಾಗಾಗಿ ಆರಾಮಾಗಿರುವಾಗ ಕಡಿಮೆ ಬಡಿದರೂ ನಡೆಯುತ್ತದೆ. ದೂರ ಓಡುವ ದೊಡ್ಡ ಓಟಗಾರರ ನಾಡಿ ಬೆಳಗ್ಗೆ ಎದ್ದಾಗ ನಿಮಿಷಕ್ಕೆ 40, 50 ಇರುವುದುಂಟು. ನೀವೂ ನಾಳೆಯಿಂದ ಹಾಸಿಗೆಯಿಂದ ಏಳುವ ಮುಂಚೆ ನಾಡಿ ಎಣಿಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ. ದಸರಾ ರಜೆ ಮುಗಿದ ಮೇಲೆ ನೋಡೋಣ ಯಾರದ್ದು ಎಷ್ಟು ಇಳಿದಿದೆ ಅಂತ.

ನಿನ್ನೆ ತೆಗೆಸಿದ ಹೆಸರುಗಳನ್ನು ನಾನು ಇನ್ನೂ ಅಳಿಸಿಲ್ಲ. ಇವತ್ತು ಸಂಜೆ ನಾಲ್ಕೂವರೆಗೆ ಮೈದಾನಕ್ಕೆ ಬನ್ನಿ, ನೀರಿನ ಬಾಟಲಿ ಜೊತೆ. ಹುಡುಗಿಯರ ರಿಲೇ ತಂಡ ಮೊದಲು, ಆಮೇಲೆ 800 ಮೀಟರಿನವರು. ಆರನೇ ತರಗತಿಯವರು ಮೊದಲು ಒಳಗೆ ಹೋಗಿ. ಸಾವಧಾನ್!