ಪ್ರಕರಣ ಟಿಪ್ಪಣಿ: ಆರು ಟನ್ ಮಣೂಕ ಮತ್ತು ಕರಾರು ಭಂಗದ ಪರಿಹಾರ

ನ್ಯಾಯಾಲಯ: ಹಿರಿಯ ಸಿವಿಲ್ ನ್ಯಾಯಾಲಯ, ವಿಜಯಪುರ
ವಾದಿ: ಬೆಳಗಾವಿಯ ಸಗಟು ವ್ಯಾಪಾರಿ
ಪ್ರತಿವಾದಿ: ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ

ಸಂಗತಿಗಳು
2022ರ ಫೆಬ್ರುವರಿ 10ರ ಲಿಖಿತ ಕರಾರಿನಂತೆ ಪ್ರತಿವಾದಿಯು 10 ಟನ್ ಮೊದಲ ದರ್ಜೆಯ ಹಸಿರು ಮಣೂಕವನ್ನು, ಅಂದರೆ ಒಣದ್ರಾಕ್ಷಿಯನ್ನು, ಕೆಜಿಗೆ ರೂ. 180ರಂತೆ, ಏಪ್ರಿಲ್ 30ರೊಳಗೆ ತಿಕೋಟಾದ ತನ್ನ ಶೆಡ್ಡಿನಲ್ಲೇ ಕೊಡಬೇಕಿತ್ತು. ಮುಂಗಡ ರೂ. 2 ಲಕ್ಷ, ಕೊನೆಯ ಲೋಡಿಗೆ ವಜಾ. ತಪ್ಪಿದವರು ರೂ. 5 ಲಕ್ಷ ಕೊಡಬೇಕೆಂಬ ಷರತ್ತೂ ಇತ್ತು. ಬಂದದ್ದು 4 ಟನ್. ಅದರ ಹಣ ಪೂರ್ತಿ ಸಂದಾಯವಾಗಿದೆ. ಅಕಾಲಿಕ ಮಳೆಗೆ ಉಳಿದ ಮಾಲು ಕೆಟ್ಟಿತೆಂಬುದು ಪ್ರತಿವಾದಿಯ ಹೇಳಿಕೆ. ಆದರೆ ಏಪ್ರಿಲ್ 22ರ ಅಡತಿ ಪಟ್ಟಿ ಬೇರೆ ಕಥೆ ಹೇಳಿತು: ಕೆಜಿಗೆ ರೂ. 210ರಂತೆ 3 ಟನ್ ಬೇರೆಯವರಿಗೆ ಮಾರಾಟ.

ವಿವಾದಾಂಶಗಳು
1. ಮಳೆಯಿಂದ ಭಾರತೀಯ ಕರಾರು ಕಾಯ್ದೆಯ ಕಲಂ 56ರ ಪ್ರಕಾರ ಕರಾರು ಶೂನ್ಯವಾಯಿತೆ?
2. ನಷ್ಟಕ್ಕೆ ಯಾವ ಊರಿನ, ಯಾವ ದಿನದ ದರ?
3. ರೂ. 5 ಲಕ್ಷ ಹಾಗೇ ಸಿಗುತ್ತದೆಯೆ?

ತೀರ್ಪು
ಶೂನ್ಯವಾಗಿಲ್ಲ. ಪರಿಹಾರ ರೂ. 1,50,000, ಮುಂಗಡ ವಾಪಸು ರೂ. 2,00,000, ದಾವೆಯ ದಿನದಿಂದ ಶೇ 6 ಬಡ್ಡಿ.

ಕಾರಣಗಳು
ಕರಾರಿನಲ್ಲಿ ‘ಸ್ವಂತ ತೋಟದ ಮಾಲು’ ಎಂಬ ಮಾತಿಲ್ಲ. ಪೇಟೆಯಿಂದ ಕೊಂಡಾದರೂ ಕೊಡಬಹುದಿತ್ತು. ನಿರ್ದಿಷ್ಟ ಹೊಲದ ಬೆಳೆ ಎಂದು ಬರೆದಿದ್ದರೆ ಹಾವೆಲ್ ವಿರುದ್ಧ ಕೂಪ್ಲ್ಯಾಂಡ್ (1876) ಪ್ರತಿವಾದಿಯ ನೆರವಿಗೆ ಬರುತ್ತಿತ್ತು.

ಪ್ರಕರಣದ ತಿರುಳು ಎರಡನೆಯ ಅಂಶ. ವಾದಿ ಮುಂಬೈ ದರ ರೂ. 240 ತೋರಿಸಿದ. ಮಾಲು ಕೊಡಬೇಕಾದ ಜಾಗ ತಿಕೋಟಾ, ಆದ್ದರಿಂದ ಹತ್ತಿರದ ವಿಜಯಪುರ ಎಪಿಎಂಸಿಯ ಏಪ್ರಿಲ್ 30ರ ದರ ರೂ. 205 ಅಳತೆಗೋಲಾಯಿತು: 6,000 ಕೆಜಿ × ರೂ. 25. ಆಧಾರ ಮುರಲೀಧರ ಚಿರಂಜಿಲಾಲ್ (ಸುಪ್ರೀಂ ಕೋರ್ಟ್, 1961). ಅಲ್ಲಿ ಮಾಲು ಕೊಡುವ ಜಾಗ ಕಾನ್ಪುರ, ವಾದಿ ರುಜುವಾತು ಮಾಡಿದ್ದು ಕಲ್ಕತ್ತೆಯ ದರ, ಪರಿಹಾರವೇ ಕೈತಪ್ಪಿತು. ಇಲ್ಲಿ ವಾದಿ ಎಪಿಎಂಸಿ ದರಪಟ್ಟಿಯನ್ನೂ ಹಾಜರುಪಡಿಸಿದ್ದರಿಂದ ಬಚಾವಾದ. ಮೇ 12ರಂದು ರೂ. 225ಕ್ಕೆ ಬದಲಿ ಮಾಲು ಕೊಂಡ ಲೆಕ್ಕ ನಡೆಯಲಿಲ್ಲ. ಭಂಗದ ನಂತರ ಹನ್ನೆರಡು ದಿನ ಕಾದದ್ದರ ಹೊರೆ ಅವನದೇ. ಮುಂಬೈ ಗಿರಾಕಿಗೆ ಮಾರಿ ಸಿಗಬೇಕಿದ್ದ ಲಾಭವೂ ವಾದಿಗೆ ಇಲ್ಲ: ಆ ಗಿರಾಕಿಯ ವಿಷಯ ಕರಾರಿನ ವೇಳೆ ಪ್ರತಿವಾದಿಗೆ ತಿಳಿದಿರಲಿಲ್ಲ (ಕಲಂ 73, ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್, 1854).

ಕಲಂ 74ರ ಪ್ರಕಾರ ಕರಾರಿನಲ್ಲಿ ನಮೂದಿಸಿದ ಮೊತ್ತ ಗರಿಷ್ಠ ಮಿತಿ ಮಾತ್ರ. ನಷ್ಟ ಅಳೆಯಲು ಬರುವಾಗ ಅದನ್ನು ರುಜುವಾತು ಮಾಡಲೇಬೇಕು (ಮೌಲಾ ಬಕ್ಷ್, 1969, ಕೈಲಾಶ್ ನಾಥ್, 2015).

ಟೀಕೆ
ರೂ. 205 ಎಲ್ಲ ದರ್ಜೆಗಳ ಸರಾಸರಿ ದರ. ಕರಾರು ಮೊದಲ ದರ್ಜೆಯ ಮಾಲಿನದು. ಆ ದರ್ಜೆಯ ಅಂದಿನ ದರ ಅದೇ ದರಪಟ್ಟಿಯಲ್ಲಿದ್ದರೂ ತೀರ್ಪು ಅದನ್ನು ಮುಟ್ಟಿಲ್ಲ. ಮೇಲ್ಮನವಿಗೆ ವಾದಿಗಿರುವ ಗಟ್ಟಿ ಅಂಶ ಇದೊಂದೇ.