ಮಂಗನ ಕಾಯಿಲೆ ಕುರಿತ ಉಪನ್ಯಾಸದ ಬಳಿಕ ಸಭೆಯಲ್ಲಿ ಕೇಳಿದ ಪ್ರಶ್ನೆ

ಮಾನ್ಯ ಅಧ್ಯಕ್ಷರಿಗೂ ಉಪನ್ಯಾಸ ನೀಡಿದ ವೈದ್ಯರಿಗೂ ನಮಸ್ಕಾರಗಳು. ಪ್ರಶ್ನೆ ಕೇಳಲು ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞಳಾಗಿದ್ದೇನೆ. ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮದೊಂದು ಸಣ್ಣ ಅಡಿಕೆ ತೋಟವಿದೆ, ತೋಟದ ತಲೆಯ ಮೇಲೇ, ತೋಟಕ್ಕೆ ಬೇಕಾದ ಸೊಪ್ಪು ತರುವ ಮರಗಳ ಗುಡ್ಡವಾದ ಸೊಪ್ಪಿನಬೆಟ್ಟವಿದೆ. ನನ್ನ ಪ್ರಶ್ನೆ ಆ ಬೆಟ್ಟಕ್ಕೆ ಸಂಬಂಧಿಸಿದ್ದಾದ್ದರಿಂದ ಇಷ್ಟನ್ನು ಹೇಳಬೇಕಾಯಿತು.

ತಮ್ಮ ಮಾತನ್ನು ನಾನು ಸರಿಯಾಗಿ ಗ್ರಹಿಸಿದ್ದೇನೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಗುರುತಿಸಲ್ಪಟ್ಟ ದಿನದಿಂದಲೂ ಕಾಡಿನಲ್ಲಿ ಮಂಗ ಸತ್ತು ಬಿದ್ದಿರುವುದೇ ನಮಗೆ ಸಿಗುವ ಮೊದಲ ಎಚ್ಚರಿಕೆಯಾಗಿದೆ ಎಂದು ತಾವು ಹೇಳಿದಿರಿ. ಸತ್ತ ಮಂಗನ ಮೈಯಿಂದ ಕೆಳಗಿಳಿದ, ಈ ರೋಗ ಹರಡುವ ಉಣುಗುಗಳು ಅಲ್ಲೇ ಸುತ್ತಮುತ್ತಲ ನೆಲದಲ್ಲಿ ಉಳಿಯುವುದರಿಂದ ಆ ಜಾಗಕ್ಕೆ ಜನ ಹೋಗದಂತೆ ತಡೆಯುವುದು ಮತ್ತು ಕೀಟನಾಶಕ ಹಾಕುವುದು ತುರ್ತು ಕ್ರಮಗಳೆಂಬುದನ್ನೂ ವಿವರಿಸಿದಿರಿ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ನನಗೆ ತೊಡಕಾಗಿ ಕಾಣುವುದು ಇದರ ಮಗ್ಗುಲಲ್ಲೇ ಇರುವ ಇನ್ನೊಂದು ಸಂಗತಿ. ಮಂಗನ ಸಾವು ಎಚ್ಚರಿಕೆಯಾಗಬೇಕಾದರೆ ಅದು ಯಾರದಾದರೂ ಕಣ್ಣಿಗೆ ಬೀಳಬೇಕು, ಕಂಡವರು ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಮಾದರಿ ಕೆಡುವ ಮೊದಲೇ ಪ್ರಯೋಗಾಲಯ ಸೇರಬೇಕು. ದಟ್ಟ ಕಾಡಿನ ಒಳಗೆ ಸತ್ತದ್ದು ಹಲವು ಸಲ ಯಾರಿಗೂ ತಿಳಿಯುವುದೇ ಇಲ್ಲ. ಹೀಗಿರುವಾಗ, ಮಂಗ ಸತ್ತ ಸುದ್ದಿ ಬಂದಿಲ್ಲ ಎಂಬುದನ್ನೇ ನಮ್ಮ ಊರುಗಳಲ್ಲಿ ಈ ವರ್ಷ ಕಾಯಿಲೆ ಇಲ್ಲವೆಂಬ ಭರವಸೆಯಾಗಿ ತೆಗೆದುಕೊಳ್ಳುತ್ತಾರೆ. 2018ರ ಕೊನೆ ಮತ್ತು 2019ರ ಆರಂಭದಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಲಿನ ಊರುಗಳು ಈ ಕಾಯಿಲೆಯಿಂದ ಅನುಭವಿಸಿದ್ದನ್ನು ಕಂಡಿರುವ ನಮ್ಮ ಭಾಗದವರಿಗೂ ಈ ಅಭ್ಯಾಸ ಬಿಟ್ಟಿಲ್ಲ.

ಎರಡನೆಯದು ಕಾಲದ ಮಾತು. ಮನುಷ್ಯರಿಗೆ ರೋಗ ಹರಡುವುದರಲ್ಲಿ ಮುಖ್ಯವಾದ ನಿಂಫ್ ಹಂತದ, ಅಂದರೆ ಇನ್ನೂ ಪೂರ್ತಿ ಬೆಳೆಯದ ಉಣುಗು, ಮಳೆಗಾಲ ಮುಗಿದ ಮೇಲೆ, ಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚಾಗಿರುತ್ತದೆ. ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಕೊಟ್ಟಿಗೆಗೂ ಗೊಬ್ಬರದ ಗುಂಡಿಗೂ ತರುವ ಕೆಲಸ ನಡೆಯುವುದೂ ಅದೇ ತಿಂಗಳುಗಳಲ್ಲಿ, ಮತ್ತು ಆ ಕೆಲಸ ಮಾಡುವವರು ಬಹುಪಾಲು ಹೆಂಗಸರು. ‘ಕಾಡಿಗೆ ಹೋಗಬೇಡಿ’ ಎಂಬ ಸೂಚನೆಯನ್ನು ಅವರು ತಮಗೆ ಹೇಳಿದ್ದೆಂದು ಭಾವಿಸುವುದೇ ಇಲ್ಲ, ಏಕೆಂದರೆ ಸೊಪ್ಪಿನಬೆಟ್ಟ ಅವರ ಲೆಕ್ಕದಲ್ಲಿ ಕಾಡಲ್ಲ, ತೋಟದ ಒಂದು ಭಾಗ. ಹಳೆಯ ಲಸಿಕೆಯ ಬಳಕೆ ನಿಂತುಹೋಗಿರುವ ಈ ಹೊತ್ತಿನಲ್ಲಿ ಉಣುಗು ಕಚ್ಚದಂತೆ ನೋಡಿಕೊಳ್ಳುವುದೊಂದೇ ಅವರಿಗೆ ಉಳಿದಿರುವ ರಕ್ಷಣೆಯಾದ್ದರಿಂದ ಈ ಅಂತರ ಸಣ್ಣದೆಂದು ನನಗೆ ಅನಿಸುವುದಿಲ್ಲ.

ಆದ್ದರಿಂದ ನನ್ನ ಪ್ರಶ್ನೆ ಹೀಗಿದೆ: ಮಂಗನ ಸಾವಿಗಾಗಿ ಕಾಯದೆ, ನವೆಂಬರ್ ಕೊನೆಯಿಂದಲೇ ತೋಟದಂಚಿನ ಸೊಪ್ಪಿನಬೆಟ್ಟಗಳಲ್ಲಿ ನೆಲದ ಮೇಲೆ ಬಿಳಿಬಟ್ಟೆ ಎಳೆದು ಉಣುಗು ಸಂಗ್ರಹಿಸಿ ಅವುಗಳಲ್ಲಿ ವೈರಾಣು ಇದೆಯೇ ಎಂದು ಪರೀಕ್ಷಿಸುವ ಕ್ರಮವು, ಜನರಿಗೆ ಉಪಯೋಗವಾಗುವಷ್ಟು ಮುಂಚಿತವಾಗಿ ಮತ್ತು ನಂಬಲರ್ಹವಾಗಿ ಎಚ್ಚರಿಕೆ ಕೊಡಬಲ್ಲದೇ? ಸೋಂಕಿರುವ ಉಣುಗುಗಳ ಪ್ರಮಾಣ ತೀರಾ ಕಡಿಮೆಯಿರುವಾಗ, ಏನೂ ಸಿಗದ ಸಮೀಕ್ಷೆಯೊಂದು ಮಂಗನ ಸಾವಿನ ಸುದ್ದಿ ಬಾರದಿರುವಂತೆಯೇ ಸುಳ್ಳು ಧೈರ್ಯ ತುಂಬುವ ಅಪಾಯವಿಲ್ಲವೇ? ತಮ್ಮ ಕ್ಷೇತ್ರಾನುಭವದಲ್ಲಿ ಈ ಎರಡರಲ್ಲಿ ಯಾವುದರ ತೂಕ ಹೆಚ್ಚು ಎಂಬುದನ್ನು ತಿಳಿಯಬಯಸುತ್ತೇನೆ.

ಸಮಯವಿದ್ದರೆ ಇದಕ್ಕೆ ಹೊಂದಿಕೊಂಡ ಒಂದು ಸಣ್ಣ ಅಂಶ. ಗುಡಿಸಿ ತಂದು ಕೊಟ್ಟಿಗೆಯ ಬಳಿ ರಾಶಿ ಹಾಕಿದ ದರಕಿನಲ್ಲಿ ನಿಂಫ್‌ಗಳು ಎಷ್ಟು ದಿನ ಜೀವಂತವಾಗಿ ಉಳಿಯುತ್ತವೆ? ಬೆಟ್ಟಕ್ಕೆ ಹೋಗುವವರು ಉಣುಗು ಹತ್ತಿರ ಬಾರದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಆದರೆ ಮನೆಯಲ್ಲೇ ಉಳಿದು ಆ ರಾಶಿಯಿಂದ ದರಕು ತೆಗೆದು ದನಗಳ ಕಾಲಡಿಗೆ ಹಾಸುವವರು ಹಚ್ಚಿಕೊಳ್ಳುವುದಿಲ್ಲ. ಅವರಿಗೂ ಹೇಳಬೇಕೇ ಎಂಬುದು ನನಗೆ ಗೊತ್ತಾಗಬೇಕಿದೆ, ಏಕೆಂದರೆ ಶಾಲೆಯಲ್ಲಿ ಮಕ್ಕಳು ನನ್ನನ್ನು ಕೇಳುವುದು ಇದನ್ನೇ.

ಇಲಾಖೆಯ ಕಾರ್ಯವೈಖರಿಯ ಬಗ್ಗೆ ಬೇರೆಯವರು ಕೇಳುವವರಿದ್ದಾರೆಂದು ಕಾಣುತ್ತದೆ, ನಾನು ಆ ವಿಷಯಕ್ಕೆ ಹೋಗುವುದಿಲ್ಲ. ಈಗ ಪೂರ್ಣ ಉತ್ತರ ಕೊಡಲು ಸಾಧ್ಯವಾಗದಿದ್ದರೆ, ಚಹಾ ವಿರಾಮದಲ್ಲಿ ತಾವು ಐದು ನಿಮಿಷ ಬಿಡುವು ಮಾಡಿಕೊಟ್ಟರೂ ಸಾಕು. ವಂದನೆಗಳು.